ಬೌಡನ್ ಪ್ರಿಂಟರಿನಲ್ಲಿ ಟಿಪಿಯು: ಫಿಲಮೆಂಟ್ ಎಲ್ಲಿ ಬಾಗುತ್ತಿದೆ ಎಂದು ಪತ್ತೆ ಹಚ್ಚುವ ಕ್ರಮ

ವರ್ಷಗಟ್ಟಲೆ ಪಿಎಲ್‌ಎಯನ್ನು ಸಲೀಸಾಗಿ ಮುದ್ರಿಸಿದ 3ಡಿ ಪ್ರಿಂಟರಿಗೆ ಮೊದಲ ಬಾರಿ ರಬ್ಬರಿನಂತೆ ಬಾಗುವ ಟಿಪಿಯು ಫಿಲಮೆಂಟ್ ಹಾಕಿದಾಗ ಮೂರು ಬಗೆಯ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಒಂದನೆಯದರಲ್ಲಿ ನಾಲ್ಕಾರು ಪದರಗಳು ಚೆನ್ನಾಗಿ ಬಂದು, ಆಮೇಲೆ ಮೋಟಾರು ತಿರುಗುತ್ತಲೇ ಇದ್ದರೂ ನಾಝಲ್‌ನಿಂದ ಏನೂ ಬರುವುದಿಲ್ಲ. ಎಕ್ಸ್‌ಟ್ರೂಡರ್ ಕಡೆ ನೋಡಿದರೆ ಫಿಲಮೆಂಟ್ ಗೇರಿನ ಪಕ್ಕದಿಂದ ಹೊರಬಂದು ಉಂಗುರದಂತೆ ಸುತ್ತಿಕೊಂಡಿರುತ್ತದೆ. ಎರಡನೆಯದರಲ್ಲಿ ಮುದ್ರಣ ಮುಗಿಯುತ್ತದೆ, ಆದರೆ ನಾಝಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿದ ಮೇಲೆ ಶುರುವಾಗುವ ಪ್ರತಿ ಗೋಡೆಯ ಮೊದಲ ಕೆಲವು ಮಿಲಿಮೀಟರ್ ಖಾಲಿಯಾಗಿಯೋ ತೆಳುವಾಗಿಯೋ ಇರುತ್ತದೆ. ಮೂರನೆಯದು ಎಲ್ಲರಿಗೂ ಗೊತ್ತಿರುವ ನೂಲಿನ ಕಾಟ: ಭಾಗಗಳ ನಡುವೆ ಜೇಡರ ಬಲೆ ಕಟ್ಟಿದಂತೆ ಎಳೆಗಳು ಹರಡಿರುತ್ತವೆ.

ನೋಡಲು ಬೇರೆ ಬೇರೆಯಾದ ಈ ಮೂರಕ್ಕೂ, ಮಾದರಿಯನ್ನು ಪದರಗಳಾಗಿ ಸೀಳಿ ಪ್ರಿಂಟರಿಗೆ ಆಜ್ಞೆ ಬರೆಯುವ ತಂತ್ರಾಂಶವಾದ ಸ್ಲೈಸರಿನ ಬೇರೆ ಬೇರೆ ಸೆಟ್ಟಿಂಗ್‌ಗಳಲ್ಲಿ ಪರಿಹಾರ ಹುಡುಕುತ್ತ ಹೋಗುವುದು ರೂಢಿ. ನಾನೂ ಹಾಗೆಯೇ ಮಾಡಿ ಹಲವು ಸಂಜೆಗಳನ್ನು ಕಳೆದಿದ್ದೇನೆ. ಆದರೆ ಮೂರರ ಬೇರೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಸಂಖ್ಯೆಗಳನ್ನು ತಿರುಚುವ ಮೊದಲು ಫಿಲಮೆಂಟಿನ ದಾರಿಯಲ್ಲಿ ದೋಷ ಯಾವ ಜಾಗದಲ್ಲಿದೆ ಎಂದು ಗೊತ್ತುಮಾಡಿಕೊಳ್ಳುವುದು ಉತ್ತಮ. ಇಲ್ಲಿ ವಿವರಿಸುವುದು ಆ ಕ್ರಮವನ್ನು. ಆಧಾರವಾಗಿ ಇಟ್ಟುಕೊಂಡಿರುವುದು 1.75 ಮಿ.ಮೀ. ದಪ್ಪದ, 95ಎ ಗಡಸುತನದ ಟಿಪಿಯು, 0.4 ಮಿ.ಮೀ. ನಾಝಲ್ ಮತ್ತು ಸುಮಾರು 40 ಸೆಂ.ಮೀ. ಉದ್ದದ, ಗೇರಿನಿಂದ ನಾಝಲ್ ಕಡೆಗೆ ಫಿಲಮೆಂಟನ್ನು ಒಯ್ಯುವ ಬೌಡನ್ ಟ್ಯೂಬ್ ಇರುವ ಸಾಮಾನ್ಯ ಪ್ರಿಂಟರನ್ನು.

ಟ್ಯೂಬಿನೊಳಗೆ ಆಗುವುದೇನು

ಬೌಡನ್ ಎಂಬ ಹೆಸರು ಬಂದದ್ದು ಸೈಕಲ್ಲಿನ ಬ್ರೇಕಿನಲ್ಲಿರುವ, ಕೊಳವೆಯೊಳಗೆ ಓಡುವ ತಂತಿಯ ಏರ್ಪಾಡಿನಿಂದ. ಬ್ರೇಕಿನಲ್ಲಿ ನಾವು ತಂತಿಯನ್ನು ಎಳೆಯುತ್ತೇವೆ, ಎಳೆದಾಗ ಎಂಥ ತಂತಿಯಾದರೂ ನೇರವಾಗುತ್ತದೆ. ಪ್ರಿಂಟರಿನಲ್ಲಿ ಅದೇ ಏರ್ಪಾಡನ್ನು ತಿರುವುಮುರುವು ಮಾಡಿ, ಕೊಳವೆಯ ಒಂದು ತುದಿಯಿಂದ ಫಿಲಮೆಂಟನ್ನು ತಳ್ಳುತ್ತೇವೆ. ಒಣ ಶಾವಿಗೆಯ ಎಳೆಯನ್ನು ಕೊಳವೆಯೊಳಗೆ ತಳ್ಳಬಹುದು, ಬೇಯಿಸಿದ ಶಾವಿಗೆಯನ್ನು ತಳ್ಳಲು ಹೋದರೆ ಅದು ಬಾಯಿಯಲ್ಲೇ ಮುದುಡಿಕೊಳ್ಳುತ್ತದೆ. ಪಿಎಲ್‌ಎಗೂ ಟಿಪಿಯುಗೂ ಇರುವ ವ್ಯತ್ಯಾಸ ಇಷ್ಟೇ.

ಒತ್ತಡ ಬಿದ್ದಾಗ ಟಿಪಿಯು ಎರಡು ರೀತಿಯಲ್ಲಿ ಸೋಲುತ್ತದೆ. ಟ್ಯೂಬಿನ ಒಳವ್ಯಾಸ ಸಾಮಾನ್ಯವಾಗಿ 2 ಮಿ.ಮೀ. ಇರುವುದರಿಂದ ಫಿಲಮೆಂಟಿಗೆ ಕಾಲು ಮಿಲಿಮೀಟರಿನಷ್ಟು ಆಡುವ ಜಾಗವಿದೆ. ತಳ್ಳಿದಾಗ ಅದು ಒಳಗೆ ಅಲೆಅಲೆಯಾಗಿ ಬಾಗಿ, ಟ್ಯೂಬಿನ ಗೋಡೆಗೆ ಉಜ್ಜಿಕೊಂಡು, ತನ್ನ ಉದ್ದದುದ್ದಕ್ಕೂ ಕುಗ್ಗುತ್ತದೆ. ಪಿಎಲ್‌ಎ ಇದೇ ಒತ್ತಡಕ್ಕೆ ಮಿಲಿಮೀಟರಿನ ಒಂದು ಚೂರಿನಷ್ಟು ಮಾತ್ರ ಕುಗ್ಗಿದರೆ, ಟಿಪಿಯು ಹಲವು ಮಿಲಿಮೀಟರ್ ಕುಗ್ಗಿ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಮುದ್ರಣವನ್ನು ನಡುವೆ ತಡೆದು ನಿಲ್ಲಿಸಿ, ಎಕ್ಸ್‌ಟ್ರೂಡರಿನ ಪ್ರವೇಶದ ಬಳಿ ಫಿಲಮೆಂಟಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒತ್ತುವ ಲಿವರನ್ನು ಸಡಿಲಿಸಿದರೆ ಗುರುತು ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟು ಫಿಲಮೆಂಟ್ ಆ ಹೊತ್ತಿನಲ್ಲಿ ಟ್ಯೂಬಿನೊಳಗೆ ಕುಗ್ಗಿ ಕುಳಿತಿತ್ತು ಎಂದರ್ಥ.

ಎರಡನೆಯ ಸೋಲು ಟ್ಯೂಬಿನ ಹೊರಗಡೆ, ಗೇರಿಗೂ ಟ್ಯೂಬಿನ ಬಾಯಿಗೂ ನಡುವಿನ ತೆರೆದ ಜಾಗದಲ್ಲಿ ಆಗುತ್ತದೆ. ಅಲ್ಲಿ ಫಿಲಮೆಂಟಿಗೆ ಪಕ್ಕದ ಆಸರೆ ಇಲ್ಲ. ಆಸರೆಯಿಲ್ಲದ ಕಂಬ ಎಷ್ಟು ಭಾರಕ್ಕೆ ಬಾಗುತ್ತದೆ ಎಂಬುದು ಅದರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ಅಂದರೆ 4 ಮಿ.ಮೀ. ಇದ್ದ ಅಂತರವನ್ನು 2 ಮಿ.ಮೀ.ಗೆ ಇಳಿಸಿದರೆ ಫಿಲಮೆಂಟ್ ನಾಲ್ಕು ಪಟ್ಟು ಹೆಚ್ಚು ಒತ್ತಡವನ್ನು ಬಾಗದೆ ತಡೆದುಕೊಳ್ಳುತ್ತದೆ. ಸ್ಲೈಸರಿನ ಯಾವ ಸೆಟ್ಟಿಂಗೂ ಇಷ್ಟು ದೊಡ್ಡ ಲಾಭ ಕೊಡಲಾರದು.

ಇನ್ನೊಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಪಿಎಲ್‌ಎ ಕಟ್ಟಿಕೊಂಡರೆ ಮೋಟಾರು ಟಕ್ ಟಕ್ ಎಂದು ಹೆಜ್ಜೆ ತಪ್ಪಿ ಎಚ್ಚರಿಸುತ್ತದೆ. ಟಿಪಿಯು ಹಾಗೆ ಕೂಗುವುದು ಅಪರೂಪ. ಮೋಟಾರಿಗೆ ತಡೆ ಎನಿಸುವಷ್ಟು ಗಟ್ಟಿತನ ಅದಕ್ಕಿಲ್ಲದ ಕಾರಣ ಅದು ಸದ್ದಿಲ್ಲದೆ ಪಕ್ಕಕ್ಕೆ ಬಾಗಿಬಿಡುತ್ತದೆ. ಸದ್ದು ಬರುತ್ತಿಲ್ಲವಾದ್ದರಿಂದ ಎಕ್ಸ್‌ಟ್ರೂಡರ್ ಸರಿಯಿದೆ ಎಂದು ತೀರ್ಮಾನಿಸುವುದು ಈ ಕೆಲಸದಲ್ಲಿ ಆಗುವ ಮೊದಲ ತಪ್ಪು.

ಒಂದು ಪರೀಕ್ಷೆ, ಮೂರು ಕಡೆ ಕಣ್ಣು

ದೋಷದ ಜಾಗವನ್ನು ಹಿಡಿಯಲು ಮಾದರಿಯೊಂದನ್ನು ಮುದ್ರಿಸಬೇಕಾಗಿಲ್ಲ. ಪ್ರಿಂಟರಿನ ಮೆನುವಿನಿಂದ ನಾಝಲನ್ನು ಬೆಡ್ಡಿನಿಂದ 10 ಸೆಂ.ಮೀ. ಮೇಲಕ್ಕೆತ್ತಿ, 225 ಡಿಗ್ರಿಗೆ ಬಿಸಿ ಮಾಡಿ. ಎಕ್ಸ್‌ಟ್ರೂಡರಿನ ಪ್ರವೇಶದಿಂದ ಸರಿಯಾಗಿ 50 ಮಿ.ಮೀ. ಹಿಂದೆ ಫಿಲಮೆಂಟಿನ ಮೇಲೆ ಗುರುತು ಹಾಕಿ. ಆಮೇಲೆ ಕೆಳಗಿನ ಎರಡು ಸಾಲುಗಳನ್ನು ಕಂಪ್ಯೂಟರಿನಿಂದ ನೇರವಾಗಿ, ಇಲ್ಲವೇ ಕಾರ್ಡಿನಲ್ಲಿ ಒಂದು ಸಣ್ಣ ಕಡತವಾಗಿ ಬರೆದುಕೊಂಡು, ಪ್ರಿಂಟರಿಗೆ ಕೊಡಿ.

```
M83
G1 E30 F40
```

ಇದು 30 ಮಿ.ಮೀ. ಫಿಲಮೆಂಟನ್ನು ನಿಮಿಷಕ್ಕೆ 40 ಮಿ.ಮೀ. ವೇಗದಲ್ಲಿ ತಳ್ಳಬೇಕೆಂಬ ಆಜ್ಞೆ. ಮುಗಿದ ಮೇಲೆ ಗುರುತು ಪ್ರವೇಶದಿಂದ 20 ಮಿ.ಮೀ. ದೂರದಲ್ಲಿ ಇರಬೇಕು. ಇದನ್ನೇ `F60`, `F80`, `F110` ಎಂದು ವೇಗ ಹೆಚ್ಚಿಸುತ್ತ, ಪ್ರತಿ ಬಾರಿಯೂ ಹೊಸ ಗುರುತು ಹಾಕಿ ಮತ್ತೆ ಮಾಡಬೇಕು. ಪ್ರತಿ ಬಾರಿಯೂ ಮೂರು ಜಾಗಗಳನ್ನು ಗಮನಿಸಬೇಕು: ಗುರುತು ಎಷ್ಟು ಸರಿಯಿತು, ಗೇರಿನ ಹೊರಬದಿಯಲ್ಲಿ ಫಿಲಮೆಂಟ್ ಉಬ್ಬಿತೇ, ನಾಝಲ್‌ನಿಂದ ಇಳಿಯುವ ಎಳೆ ಒಂದೇ ದಪ್ಪವಾಗಿದೆಯೇ.

ಗುರುತು 30ರ ಬದಲು 24 ಅಥವಾ 25 ಮಿ.ಮೀ. ಮಾತ್ರ ಸರಿದಿದ್ದರೆ ಗೇರು ಫಿಲಮೆಂಟಿನ ಮೇಲೆ ಜಾರುತ್ತಿದೆ. ದೋಷ ಗೇರಿನ ಹಿಡಿತದಲ್ಲೋ ಸುರುಳಿಯ ಎಳೆತದಲ್ಲೋ ಇದೆ. ಗುರುತು ಸರಿಯಾಗಿಯೇ ಸರಿದು, ಎಳೆ ಮಾತ್ರ ತೆಳುವಾಗಿ ಅಥವಾ ಬಿಟ್ಟು ಬಿಟ್ಟು ಬಂದರೆ, ಗೇರು ತನ್ನ ಕೆಲಸ ಮಾಡುತ್ತಿದೆ, ಆದರೆ ತಳ್ಳಿದ ಫಿಲಮೆಂಟ್ ಗೇರಿನಾಚೆ ಎಲ್ಲೋ ಮುದುಡುತ್ತಿದೆ. ಆಗ ನೋಡಬೇಕಾದದ್ದು ಟ್ಯೂಬಿನ ಬಾಯಿ, ಟ್ಯೂಬ್ ಮತ್ತು ಫಿಲಮೆಂಟನ್ನು ಕರಗಿಸುವ ಹಾಟ್‌ಎಂಡ್. ಕಡಿಮೆ ವೇಗದಲ್ಲಿ ಎಲ್ಲವೂ ಸರಿಯಿದ್ದು ಹೆಚ್ಚಿನ ವೇಗದಲ್ಲಿ ಮಾತ್ರ ಕೆಟ್ಟರೆ ಯಂತ್ರ ಹಾಳಾಗಿಲ್ಲ, ಅದರ ಮಿತಿಯನ್ನು ನಾವು ಮೀರುತ್ತಿದ್ದೇವೆ. `F40`ರಲ್ಲಿಯೇ ಎಳೆ ಸರಿಯಾಗಿ ಬಾರದಿದ್ದರೆ ಸ್ಲೈಸರನ್ನು ಮುಟ್ಟಬೇಡಿ, ತೊಂದರೆ ಯಾಂತ್ರಿಕವಾದದ್ದು.

ಒಂದು ಎಚ್ಚರಿಕೆ: ಎಕ್ಸ್‌ಟ್ರೂಡರಿನ ಇ-ಸ್ಟೆಪ್ಸ್ ಅನ್ನು, ಅಂದರೆ ಒಂದು ಮಿಲಿಮೀಟರ್ ತಳ್ಳಲು ಮೋಟಾರು ಇಡಬೇಕಾದ ಹೆಜ್ಜೆಗಳ ಸಂಖ್ಯೆಯನ್ನು, ಟಿಪಿಯು ಹಾಕಿ ಹೊಂದಿಸಲು ಹೋಗಬಾರದು. ಜಾರುವಿಕೆ ವೇಗಕ್ಕೆ ತಕ್ಕಂತೆ ಬದಲಾಗುವುದರಿಂದ ಒಂದು ವೇಗದಲ್ಲಿ ಸರಿಪಡಿಸಿದ್ದು ಇನ್ನೊಂದರಲ್ಲಿ ತಪ್ಪಾಗುತ್ತದೆ. ಅದನ್ನು ಪಿಎಲ್‌ಎಯಲ್ಲಿ ಹೊಂದಿಸಿ, ಹಾಗೆಯೇ ಬಿಡಬೇಕು.

ಸುರುಳಿಯಿಂದ ನಾಝಲ್‌ವರೆಗೆ

ಗುರುತು ಕಡಿಮೆ ಸರಿದಿದ್ದರೆ ಮೊದಲು ಸುರುಳಿಯನ್ನು ನೋಡಿ. ಹೊಸ ಒಂದು ಕಿಲೋ ಸುರುಳಿ ಒರಟಾದ ಪ್ಲಾಸ್ಟಿಕ್ ಗೂಟದ ಮೇಲೆ ತಿರುಗುತ್ತಿದ್ದರೆ, ಅದನ್ನು ಎಳೆಯುವ ಹೊತ್ತಿಗೆ ಟಿಪಿಯು ರಬ್ಬರಿನಂತೆ ಹಿಗ್ಗಿ ಸಣ್ಣಗಾಗುತ್ತದೆ. ಸಣ್ಣಗಾದ ಫಿಲಮೆಂಟಿನ ಮೇಲೆ ಗೇರು ಜಾರುತ್ತದೆ. ಕೈಯಿಂದ ಒಂದಷ್ಟು ಫಿಲಮೆಂಟನ್ನು ಬಿಚ್ಚಿ, ಎಕ್ಸ್‌ಟ್ರೂಡರಿನ ಮುಂದೆ ಸಡಿಲವಾದ ಕುಣಿಕೆಯಾಗಿ ಬಿಟ್ಟು, ಪರೀಕ್ಷೆಯನ್ನು ಮತ್ತೆ ಮಾಡಿದರೆ ಗೊತ್ತಾಗುತ್ತದೆ. ಗುರುತು ಈಗ ಸರಿಯಾಗಿ ಸರಿದರೆ, ಬೇರಿಂಗ್ ಇರುವ ಸ್ಟ್ಯಾಂಡಿನ ಮೇಲೆ ಸುರುಳಿಯನ್ನು ಇಟ್ಟರೆ ಸಾಕು.

ನಂತರದ್ದು ಒತ್ತುವ ಸ್ಪ್ರಿಂಗು. ಜಾರುತ್ತಿದೆ ಎಂದೊಡನೆ ಸ್ಪ್ರಿಂಗನ್ನು ಬಿಗಿಮಾಡಬೇಕೆನಿಸುವುದು ಸಹಜ. ಟಿಪಿಯು ವಿಷಯದಲ್ಲಿ ಅದು ಹಲವು ಸಲ ಉಲ್ಟಾ ಹೊಡೆಯುತ್ತದೆ. ಬಿಗಿ ಹೆಚ್ಚಾದರೆ ದುಂಡಗಿನ ಫಿಲಮೆಂಟ್ ಚಪ್ಪಟೆಯಾಗಿ, ಅದರ ಅಗಲ ಟ್ಯೂಬಿನ 2 ಮಿ.ಮೀ.ಗೆ ಸಮೀಪಿಸಿ, ಒಳಗೆ ಉಜ್ಜತೊಡಗುತ್ತದೆ. ಜಾರುವಿಕೆ ನಿಂತು ಮುದುಡುವಿಕೆ ಶುರುವಾಗುತ್ತದೆ. ಟ್ಯೂಬಿನಿಂದ ಹತ್ತು ಸೆಂಟಿಮೀಟರ್ ಫಿಲಮೆಂಟನ್ನು ಹೊರಗೆಳೆದು ಬೆರಳುಗಳ ನಡುವೆ ಉರುಳಿಸಿ ನೋಡಿ. ಗೇರಿನ ಹಲ್ಲಿನ ಗುರುತುಗಳು ಮಾಸಲಾಗಿ ಕಾಣಬೇಕು, ಆದರೆ ಫಿಲಮೆಂಟ್ ಬೆರಳಿಗೆ ದುಂಡಗೆಯೇ ತಗಲಬೇಕು. ಪಟ್ಟಿಯಂತೆ ಚಪ್ಪಟೆ ಎನಿಸಿದರೆ ಸ್ಪ್ರಿಂಗ್ ಬಿಗಿ ಹೆಚ್ಚಾಗಿದೆ. ಒಂದು ಬದಿಯಲ್ಲಿ ಕೆರೆದ ಪುಡಿ ಕಂಡರೆ ಸಡಿಲವಾಗಿದೆ, ಇಲ್ಲವೇ ಒಂದೇ ಜಾಗ ಗೇರಿನಡಿ ಮತ್ತೆ ಮತ್ತೆ ಹಿಂದುಮುಂದಾಗಿದೆ.

ಗೇರಿನ ಹೊರಬದಿಯ ಅಂತರವನ್ನು ಮುಚ್ಚುವುದೇ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ. ಎಕ್ಸ್‌ಟ್ರೂಡರಿನ ತುದಿಯಲ್ಲಿ ಟ್ಯೂಬನ್ನು ಹಿಡಿಯುವ ಫಿಟ್ಟಿಂಗ್‌ನಲ್ಲಿ ಎರಡು ಬಗೆ ಇವೆ: ಒಳಗೆ ಮೆಟ್ಟಿಲಿದ್ದು ಟ್ಯೂಬ್ ಅಲ್ಲಿಗೇ ನಿಲ್ಲುವಂಥದ್ದು ಮತ್ತು ಟ್ಯೂಬ್ ಆರಪಾರ ಹೋಗುವಂಥದ್ದು. ಎರಡನೆಯದನ್ನು ಹಾಕಿಕೊಂಡು, ಟ್ಯೂಬಿನ ತುದಿಯನ್ನು ಹರಿತವಾದ ಬ್ಲೇಡಿನಿಂದ ಎರಡು ಬದಿಯಲ್ಲಿ ಓರೆಯಾಗಿ ಕತ್ತರಿಸಿ ಬೆಣೆಯಂತೆ ಮಾಡಿ, ಗೇರು ಮತ್ತು ಬೇರಿಂಗ್ ಸೇರುವ ಸಂದಿಯವರೆಗೆ ತಳ್ಳಿದರೆ, ತೆರೆದ ಅಂತರ ಒಂದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ತುದಿ ಗೇರಿಗೆ ತಾಗಬಾರದು, ತಾಗಿದರೆ ಟ್ಯೂಬಿನ ಬಿಳಿ ಚೂರುಗಳು ಒಳಗೆ ಹೋಗಿ ನಾಝಲ್‌ನ ದಾರಿ ಮುಚ್ಚುತ್ತವೆ. ಹಳೆಯ ಎಕ್ಸ್‌ಟ್ರೂಡರಿನ ರಚನೆಯೇ ಇದಕ್ಕೆ ಅವಕಾಶ ಕೊಡದಿದ್ದರೆ, ಫಿಲಮೆಂಟಿನ ದಾರಿ ಎಲ್ಲ ಕಡೆಯಿಂದಲೂ ಮುಚ್ಚಿರುವ, ಎರಡು ಗೇರುಗಳ ಎಕ್ಸ್‌ಟ್ರೂಡರನ್ನು ಕೊಳ್ಳುವುದೇ ಒಳ್ಳೆಯದು. ಎರಡೂ ಬದಿಯಿಂದ ಹಲ್ಲು ಹಿಡಿಯುವುದರಿಂದ ಅದರಲ್ಲಿ ಕಡಿಮೆ ಒತ್ತಡಕ್ಕೇ ಹಿಡಿತ ಸಿಗುತ್ತದೆ.

ಟ್ಯೂಬಿನ ಇನ್ನೊಂದು ತುದಿಯನ್ನು ಮರೆಯುವವರು ಹೆಚ್ಚು. ಹಾಟ್‌ಎಂಡ್ ಒಳಗೆ ಟ್ಯೂಬ್ ನಾಝಲ್‌ನ ಹಿಂಬದಿಗೆ ಒತ್ತಿ ಕುಳಿತುಕೊಳ್ಳುವ ರಚನೆಯಲ್ಲಿ, ಟ್ಯೂಬಿನ ತುದಿ ನೇರವಾಗಿ ಕತ್ತರಿಸಿಲ್ಲದಿದ್ದರೆ ಅಥವಾ ಕಾಲಕ್ರಮೇಣ ಹಿಂದೆ ಸರಿದಿದ್ದರೆ, ಕರಗಿದ ಟಿಪಿಯು ಆ ಸಂದಿಯಲ್ಲಿ ತುಂಬಿ ತಡೆ ಹುಟ್ಟಿಸುತ್ತದೆ. ಫಿಲಮೆಂಟನ್ನು ಹೊರಗೆಳೆದಾಗ ತುದಿಯಲ್ಲಿ ಅಣಬೆಯ ತಲೆಯಂಥ ಗಂಟು ಬಂದರೆ ಇದೇ ಕಾರಣ. ಟ್ಯೂಬನ್ನು ನೇರವಾಗಿ ಕತ್ತರಿಸಿ, ಅದು ನಾಝಲ್‌ಗೆ ಸಂದಿಯಿಲ್ಲದಂತೆ ಒತ್ತಿ ಕುಳಿತಿರುವಂತೆ ಹಾಕಿ, ನಾಝಲ್ ಬಿಸಿಯಿರುವಾಗಲೇ ಕೊನೆಯ ಬಿಗಿ ಕೊಡಬೇಕು. ಇಂಥ ಹಾಟ್‌ಎಂಡಿನಲ್ಲಿ ಟ್ಯೂಬ್ ಬಿಸಿ ಭಾಗದವರೆಗೂ ಇಳಿದಿರುವುದರಿಂದ 240 ಡಿಗ್ರಿ ಮೀರಬಾರದು. ಹರಿವು ಸಾಲದೆಂದು ಉಷ್ಣತೆಯನ್ನು ಏರಿಸುತ್ತ ಹೋಗುವವರಿಗೆ ಇದೊಂದು ಗಡಿ.

ಮೊದಲ ಪದರದಲ್ಲಿಯೇ ಫಿಲಮೆಂಟ್ ಗೇರಿನಿಂದ ಹೊರಬರುತ್ತಿದ್ದು, ಗಾಳಿಯಲ್ಲಿ ಮಾಡಿದ ಪರೀಕ್ಷೆ ಮಾತ್ರ ಸರಿಯಾಗಿ ಬಂದಿದ್ದರೆ, ನಾಝಲ್ ಬೆಡ್ಡಿಗೆ ತೀರ ಹತ್ತಿರವಾಗಿದೆ ಎಂದು ಸಂಶಯಪಡಬಹುದು. ಪಿಎಲ್‌ಎಯನ್ನು ಬೆಡ್ಡಿಗೆ ಒತ್ತಿ ಹಚ್ಚುವ ಅಭ್ಯಾಸ ಟಿಪಿಯುಗೆ ಬೇಡ, ಅದು ತಾನಾಗಿಯೇ ಚೆನ್ನಾಗಿ ಅಂಟುತ್ತದೆ. ನಿಜ ಹೇಳಬೇಕೆಂದರೆ ಬಿಡಿಸುವುದೇ ಕಷ್ಟ. ನುಣುಪಾದ ಪಿಇಐ ಹಾಳೆಯ ಮೇಲೆ ಮುದ್ರಿಸುವಾಗ ಗೋಂದಿನ ಕಡ್ಡಿಯನ್ನು ತೆಳುವಾಗಿ ಹಚ್ಚುವುದು ಅಂಟಿಸುವುದಕ್ಕಲ್ಲ, ಹಾಳೆ ಕಿತ್ತುಬರದಂತೆ ಕಾಪಾಡುವುದಕ್ಕೆ.

ವೇಗದ ಲೆಕ್ಕ

ಯಾಂತ್ರಿಕ ದೋಷಗಳು ಮುಗಿದ ಮೇಲೆ ಉಳಿಯುವುದು ಮಿತಿಯ ಪ್ರಶ್ನೆ. ಸ್ಲೈಸರಿನಲ್ಲಿ ಕಾಣುವ ಮುದ್ರಣದ ವೇಗ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಾರದು. ಒಂದು ಸೆಕೆಂಡಿಗೆ ಎಷ್ಟು ಘನ ಮಿಲಿಮೀಟರ್ ಪ್ಲಾಸ್ಟಿಕ್ ಹೋಗಬೇಕು ಎಂಬುದೇ ಫಿಲಮೆಂಟಿನ ಮೇಲೆ ಬೀಳುವ ಒತ್ತಡವನ್ನು ನಿರ್ಧರಿಸುತ್ತದೆ. ಎಳೆಯ ಅಗಲ 0.45 ಮಿ.ಮೀ., ಪದರ 0.2 ಮಿ.ಮೀ. ಎಂದಿಟ್ಟುಕೊಂಡರೆ ಎಳೆಯ ಅಡ್ಡಕೊಯ್ತ 0.09 ಚದರ ಮಿ.ಮೀ. 1.75 ಮಿ.ಮೀ. ಫಿಲಮೆಂಟಿನ ಅಡ್ಡಕೊಯ್ತ ಸುಮಾರು 2.4 ಚದರ ಮಿ.ಮೀ. ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಮುದ್ರಿಸಿದರೆ 4.5 ಘನ ಮಿ.ಮೀ. ಬೇಕಾಗುತ್ತದೆ, ಅಂದರೆ ಗೇರು ಫಿಲಮೆಂಟನ್ನು ನಿಮಿಷಕ್ಕೆ ಸುಮಾರು 112 ಮಿ.ಮೀ. ತಳ್ಳಬೇಕು. ವೇಗವನ್ನು 20ಕ್ಕೆ ಇಳಿಸಿದರೆ 1.8 ಘನ ಮಿ.ಮೀ., ನಿಮಿಷಕ್ಕೆ 45 ಮಿ.ಮೀ. ಮೇಲಿನ ಪರೀಕ್ಷೆಯಲ್ಲಿ `F40`ರಿಂದ `F110`ವರೆಗಿನ ಸಂಖ್ಯೆಗಳನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ: ಅವು ಸರಿಸುಮಾರಾಗಿ 18ರಿಂದ 50 ಮಿ.ಮೀ. ಮುದ್ರಣ ವೇಗಕ್ಕೆ ಸಮ.

ಗಾಳಿಯಲ್ಲಿ ಸುರಿಯುವಾಗ ನಾಝಲ್‌ನ ಮುಂದೆ ಕೆಳಗಿನ ಪದರದ ತಡೆ ಇರುವುದಿಲ್ಲವಾದ್ದರಿಂದ, ಪರೀಕ್ಷೆಯಲ್ಲಿ ಸಿಕ್ಕ ಗರಿಷ್ಠ ವೇಗದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ನಾನು ಬಳಸುವುದಿಲ್ಲ. ಪ್ರೂಸಾಸ್ಲೈಸರ್ ಮತ್ತು ಆರ್ಕಾಸ್ಲೈಸರ್‌ಗಳಲ್ಲಿ ಫಿಲಮೆಂಟಿನ ಸೆಟ್ಟಿಂಗ್‌ನಲ್ಲಿಯೇ `Max volumetric speed` ಎಂಬ ಜಾಗವಿದೆ; ಅಲ್ಲಿ 1.8 ಎಂದು ತುಂಬಿದರೆ ಪದರದ ದಪ್ಪ ಬದಲಾದಾಗ ವೇಗವೂ ತಾನಾಗಿ ಹೊಂದಿಕೊಳ್ಳುತ್ತದೆ.

ವೇಗ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದದ್ದು ಅದು ಒಂದೇ ಸಮನಾಗಿರುವುದು. ಚಕ್ಕುಲಿ ಒರಳನ್ನು ಒತ್ತುವವರಿಗೆ ಇದು ಗೊತ್ತು: ಒತ್ತುವುದನ್ನು ನಿಲ್ಲಿಸಿದರೂ ಹಿಟ್ಟು ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ, ಮತ್ತೆ ಒತ್ತಿದಾಗ ತಕ್ಷಣ ಬರುವುದಿಲ್ಲ. ಕುಗ್ಗಿದ ಟಿಪಿಯು ತುಂಬಿದ ಟ್ಯೂಬಿನಲ್ಲಿ ಈ ವಿಳಂಬ ಇನ್ನೂ ಹೆಚ್ಚು. ಒಳತುಂಬು 40ರಲ್ಲೂ ಹೊರಗೋಡೆ 20ರಲ್ಲೂ ಇದ್ದರೆ, ಹೊರಗೋಡೆಯ ಮೊದಲ ಕೆಲವು ಸೆಂಟಿಮೀಟರ್ ಉಬ್ಬಿರುತ್ತದೆ, ಒಳತುಂಬಿನ ಆರಂಭ ಸೊರಗಿರುತ್ತದೆ. ಆದ್ದರಿಂದ ಹೊರಗೋಡೆ, ಒಳಗೋಡೆ, ಒಳತುಂಬು, ಮೇಲ್ಪದರ ಎಲ್ಲಕ್ಕೂ ಒಂದೇ ವೇಗ ಕೊಡಬೇಕು. ಮುದ್ರಿಸದೆ ಹಾರುವ ವೇಗವನ್ನು ಮಾತ್ರ ಇಳಿಸಬಾರದು, ಅದು 120ರಿಂದ 150ರಲ್ಲಿಯೇ ಇರಲಿ. ದಾರಿಯಲ್ಲಿ ಕಳೆಯುವ ಹೊತ್ತು ಕಡಿಮೆಯಾದಷ್ಟೂ ಸೋರುವುದು ಕಡಿಮೆ. ಫರ್ಮ್‌ವೇರಿನಲ್ಲಿ ಲಿನಿಯರ್ ಅಡ್ವಾನ್ಸ್ ಚಾಲೂ ಇದ್ದರೆ `M900 K0` ಎಂದು ನಿಲ್ಲಿಸಿ. ಉದ್ದನೆಯ ಟ್ಯೂಬಿನಲ್ಲಿ ಟಿಪಿಯುವಿನ ಕುಗ್ಗುವಿಕೆಯನ್ನು ಸರಿದೂಗಿಸಲು ಅದು ಗೇರನ್ನು ರಭಸದಿಂದ ಹಿಂದುಮುಂದು ಕುಲುಕುತ್ತದೆ, ಆ ಕುಲುಕಾಟವೇ ಫಿಲಮೆಂಟನ್ನು ಕೆರೆಯುತ್ತದೆ.

ರಿಟ್ರಾಕ್ಷನ್: ನಾಝಲ್‌ಗೆ ತಲುಪದ ಸಂದೇಶ

ಬೌಡನ್ ಪ್ರಿಂಟರಿನಲ್ಲಿ ಪಿಎಲ್‌ಎಗೆ 5ರಿಂದ 6 ಮಿ.ಮೀ. ರಿಟ್ರಾಕ್ಷನ್, ಅಂದರೆ ನಾಝಲ್ ಹಾರುವ ಮೊದಲು ಫಿಲಮೆಂಟನ್ನು ಹಿಂದೆಳೆಯುವುದು, ಸಾಮಾನ್ಯ. ಟಿಪಿಯುವಿನಲ್ಲಿ ಅದೇ 6 ಮಿ.ಮೀ. ಹಿಂದೆಳೆದರೆ, ಮೊದಲು ಟ್ಯೂಬಿನೊಳಗಿನ ಅಲೆಗಳು ನೇರವಾಗುತ್ತವೆ, ಕುಗ್ಗಿದ ಭಾಗ ಹಿಗ್ಗುತ್ತದೆ, ಆಮೇಲೆ ಉಳಿದದ್ದೇನಾದರೂ ಇದ್ದರೆ ನಾಝಲ್‌ಗೆ ತಲುಪುತ್ತದೆ. ಮತ್ತೆ ಮುಂದೆ ತಳ್ಳಿದಾಗ ಇದೆಲ್ಲವೂ ಅದೇ ಕ್ರಮದಲ್ಲಿ ತುಂಬಿಕೊಳ್ಳಬೇಕಾದ್ದರಿಂದ ಗೋಡೆಯ ಆರಂಭ ಖಾಲಿ ಬೀಳುತ್ತದೆ. ಹಾರಿದ ಮೇಲಿನ ಖಾಲಿ ಜಾಗ ರಿಟ್ರಾಕ್ಷನ್ ಹೆಚ್ಚಾಯಿತು ಎಂಬುದರ ಗುರುತು. ನೂಲು ಮಾತ್ರ ಇದ್ದು ಗೋಡೆಗಳು ತುಂಬಿಕೊಂಡಿದ್ದರೆ ರಿಟ್ರಾಕ್ಷನ್ ಹೊರತು ಬೇರೆ ಕಾರಣ ಹುಡುಕಬೇಕು. ಎರಡೂ ಒಟ್ಟಿಗೆ ಇದ್ದರೆ ಮೊದಲು ಖಾಲಿ ಜಾಗವನ್ನು ಸರಿಪಡಿಸಿ. ನೂಲನ್ನು ಕತ್ತರಿಯಿಂದ ತೆಗೆಯಬಹುದು, ಗೋಡೆಯ ಸೀಳನ್ನು ತುಂಬಲಾಗದು.

ನನ್ನ ಕ್ರಮ ಹೀಗಿದೆ: ರಿಟ್ರಾಕ್ಷನ್ನನ್ನು ಪೂರ್ತಿ ನಿಲ್ಲಿಸಿ ಒಂದು ಮಾದರಿ ಮುದ್ರಿಸಿ, ಖಾಲಿ ಜಾಗಗಳು ಹೋದವೇ ನೋಡುತ್ತೇನೆ. ಹೋದರೆ ಅರ್ಧರ್ಧ ಮಿಲಿಮೀಟರ್ ಸೇರಿಸುತ್ತ, ವೇಗವನ್ನು ಸೆಕೆಂಡಿಗೆ 25 ಮಿ.ಮೀ. ಮೀರದಂತೆ ಇಟ್ಟು, ಖಾಲಿ ಜಾಗ ಮತ್ತೆ ಕಾಣಿಸುವ ಮೊದಲೇ ನಿಲ್ಲಿಸುತ್ತೇನೆ. ಇದು ಹೆಚ್ಚಿನ ಯಂತ್ರಗಳಲ್ಲಿ 1ರಿಂದ 2 ಮಿ.ಮೀ. ನಡುವೆ ಎಲ್ಲೋ ನಿಲ್ಲುತ್ತದೆ.

ಗ್ರೈಂಡರಿನ ನಾಲ್ಕು ಪಾದಗಳು

ಮಳೆಗಾಲದ ನಡುವೆ ಉಡುಪಿಯ ಮನೆಯಲ್ಲಿ, ಹಳೆಯ ಗ್ರೈಂಡರಿನ ಸವೆದುಹೋದ ರಬ್ಬರ್ ಪಾದಗಳ ಬದಲಿಗೆ ಟಿಪಿಯು ಪಾದಗಳನ್ನು ಮಾಡಲು ಹೊರಟಾಗ ಮೇಲಿನ ಪಾಠಗಳಲ್ಲಿ ಹೆಚ್ಚಿನವು ನನ್ನ ತಲೆಗೆ ಹತ್ತಿದವು. ಪ್ರತಿ ಪಾದ 24 ಮಿ.ಮೀ. ವ್ಯಾಸ, 6 ಮಿ.ಮೀ. ಎತ್ತರ, ನಾಲ್ಕನ್ನೂ ಬೆಡ್ಡಿನ ಮೇಲೆ ಒಟ್ಟಿಗೆ ಇಟ್ಟು, ಪಿಎಲ್‌ಎಯ ಪ್ರೊಫೈಲಿನಲ್ಲಿ ಉಷ್ಣತೆಯನ್ನಷ್ಟೇ ಬದಲಾಯಿಸಿ, ಸೆಕೆಂಡಿಗೆ 50 ಮಿ.ಮೀ. ವೇಗ ಮತ್ತು 6 ಮಿ.ಮೀ. ರಿಟ್ರಾಕ್ಷನ್‌ನಲ್ಲಿ ಮುದ್ರಿಸಲು ಬಿಟ್ಟೆ. ಐದನೆಯ ಪದರದ ಹೊತ್ತಿಗೆ ನಾಝಲ್ ಗಾಳಿಯಲ್ಲಿ ಓಡಾಡುತ್ತಿತ್ತು, ಫಿಲಮೆಂಟ್ ಗೇರಿಗೆ ಸುತ್ತಿಕೊಂಡಿತ್ತು.

ಪರೀಕ್ಷೆ ಮಾಡಿದಾಗ `F40` ಮತ್ತು `F60`ರಲ್ಲಿ ಗುರುತು ಸರಿಯಾಗಿ ಸರಿದು ಎಳೆಯೂ ಸಮನಾಗಿತ್ತು. `F80`ರಲ್ಲಿ ಎಳೆ ಸೊರಗಿತು. `F110`ರಲ್ಲಿ ಗೇರಿನಾಚೆ ಫಿಲಮೆಂಟ್ ಉಬ್ಬಿ ಹೊರಬಂತು. ಗುರುತು ಎಲ್ಲಿಯೂ ಹಿಂದೆ ಬೀಳದಿದ್ದುದರಿಂದ ಸ್ಪ್ರಿಂಗನ್ನು ಮುಟ್ಟಲಿಲ್ಲ. ಗೇರಿಗೂ ಟ್ಯೂಬಿಗೂ ನಡುವೆ ಸುಮಾರು 4 ಮಿ.ಮೀ. ತೆರೆದ ಜಾಗವಿತ್ತು. ಫಿಟ್ಟಿಂಗ್ ಬದಲಿಸಿ, ಟ್ಯೂಬಿನ ತುದಿಯನ್ನು ಬೆಣೆಯಾಗಿ ಕತ್ತರಿಸಿ ಹತ್ತಿರ ತಂದ ಮೇಲೆ `F110`ರಲ್ಲಿಯೂ ಫಿಲಮೆಂಟ್ ಹೊರಬರಲಿಲ್ಲ, ಎಳೆ ಮಾತ್ರ ಸೊರಗಿಯೇ ಇತ್ತು. ಅಂದರೆ ಈಗ ಅದು ಟ್ಯೂಬಿನೊಳಗೆ ಮುದುಡುತ್ತಿತ್ತು. `F60`ಕ್ಕೆ ಸಮನಾದ 27 ಮಿ.ಮೀ. ವೇಗದ ಮುಕ್ಕಾಲು ಭಾಗವೆಂದು 20 ಮಿ.ಮೀ. ಇಟ್ಟೆ. ಈ ಸಲ ಮುದ್ರಣ ಕೊನೆ ಮುಟ್ಟಿತು.

ಮುಟ್ಟಿತು, ಆದರೆ ಪ್ರತಿ ಪಾದದ ಹೊರಗೋಡೆಯ ಒಂದು ಕಡೆ ಮೇಲಿನಿಂದ ಕೆಳಗಿನವರೆಗೆ 6 ಮಿ.ಮೀ. ಅಗಲದ ತೆಳು ಪಟ್ಟೆಯಿತ್ತು, ನಾಲ್ಕರ ನಡುವೆ ದಟ್ಟವಾದ ನೂಲಿತ್ತು. ಮುಂದಿನ ಎರಡು ಸಂಜೆ ರಿಟ್ರಾಕ್ಷನ್ನನ್ನು ಏರಿಸಿ ಇಳಿಸಿ ಕಳೆದೆ. 1.5 ಮಿ.ಮೀ.ಗೆ ತಂದಾಗ ಪಟ್ಟೆ ಮಾಯವಾಯಿತು, ನೂಲು ಮಾತ್ರ ಯಾವ ಸಂಖ್ಯೆಗೂ ಜಗ್ಗಲಿಲ್ಲ. ಮೂರನೆಯ ದಿನ ಗಾಳಿಯಲ್ಲಿ ನಿಧಾನವಾಗಿ ಸುರಿಸಿ, ಕಿವಿ ಹತ್ತಿರ ತಂದು ಕೇಳಿದಾಗ ಸಣ್ಣಗೆ ಚಟಪಟ ಸದ್ದು ಬರುತ್ತಿತ್ತು, ಎಳೆಯ ಮೈಮೇಲೆ ಗುಳ್ಳೆಗಳಿದ್ದವು. ವಾರಗಟ್ಟಲೆ ತೆರೆದಿಟ್ಟ ಸುರುಳಿ ಕರಾವಳಿಯ ಜುಲೈ ಗಾಳಿಯಿಂದ ತೇವ ಹೀರಿತ್ತು. ಆ ತೇವ ನಾಝಲ್‌ನಲ್ಲಿ ಆವಿಯಾಗಿ ಕರಗಿದ ಪ್ಲಾಸ್ಟಿಕ್ಕನ್ನು ಹೊರಗೆ ದೂಡುತ್ತಿದ್ದಾಗ, ಯಾವ ರಿಟ್ರಾಕ್ಷನ್ನೂ ಅದನ್ನು ತಡೆಯಲಾರದು. 55 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಿಂದಲೇ ಫಿಲಮೆಂಟ್ ಹೊರಬರುವಂತೆ ಮಾಡಿದ ಮೇಲೆ ನೂಲು ಕೂದಲೆಳೆಯಷ್ಟಾಯಿತು. ಒಣಗಿಸುವುದನ್ನು ಮೊದಲು ಮಾಡಿದ್ದರೆ ಎರಡು ಸಂಜೆ ಉಳಿಯುತ್ತಿದ್ದವು. ಈಗ ಪರೀಕ್ಷೆಯ ಮೊದಲ ಸುರಿತದಲ್ಲೇ ಕಿವಿಗೊಟ್ಟು ಕೇಳುವುದು ನನಗೆ ರೂಢಿಯಾಗಿದೆ.

ಉಳಿದ ನೂಲನ್ನು ತೆಗೆಸಿದ್ದು ರಿಟ್ರಾಕ್ಷನ್ ಅಲ್ಲ, ಜೋಡಣೆ. 30 ಪದರಗಳ ನಾಲ್ಕು ಪಾದಗಳನ್ನು ಒಟ್ಟಿಗೆ ಮುದ್ರಿಸಿದರೆ ನಾಝಲ್ ಪಾದದಿಂದ ಪಾದಕ್ಕೆ ಸುಮಾರು 120 ಬಾರಿ ಹಾರುತ್ತದೆ. ಕ್ಯೂರಾದಲ್ಲಿ `Print Sequence` ಅನ್ನು `One at a Time` ಎಂದು ಬದಲಿಸಿ, ಫ್ಯಾನಿನ ಕವಚ ಮುಗಿದ ಪಾದಕ್ಕೆ ತಾಗದಷ್ಟು ದೂರ ದೂರ ಇಟ್ಟಾಗ, ಅಂಥ ಹಾರಾಟ ಇಡೀ ಕೆಲಸಕ್ಕೆ ಮೂರೇ ಬಾರಿ ಉಳಿಯಿತು. ಒಂದೊಂದು ಪಾದದೊಳಗಿನ ಓಡಾಟವನ್ನು `Combing Mode` ಗೋಡೆಗಳ ಒಳಗೇ ಇಟ್ಟಿತು. ಎತ್ತರದ ವಸ್ತುಗಳಲ್ಲಿ ಈ ಉಪಾಯ ನಡೆಯದು, ಪ್ರಿಂಟರಿನ ಅಡ್ಡಪಟ್ಟಿ ಮುಗಿದ ವಸ್ತುವಿಗೆ ಬಡಿಯುತ್ತದೆ; ಆಗ ಒಂದೊಂದನ್ನೇ ಬೇರೆ ಬೇರೆ ಕೆಲಸವಾಗಿ ಕೊಡುವುದೇ ದಾರಿ.

ಎಲ್ಲಿ ನಿಲ್ಲಿಸಬೇಕು

ಇಷ್ಟೆಲ್ಲ ಮಾಡಿದ ಮೇಲೂ ಬೌಡನ್ ಟ್ಯೂಬಿಗೆ ಒಂದು ಎಲ್ಲೆ ಇದೆ. 1.75 ಮಿ.ಮೀ.ನ 95ಎ ಟಿಪಿಯುವನ್ನು ನಿಧಾನವಾಗಿಯಾದರೂ ನಂಬಿಕೆಯಿಂದ ಮುದ್ರಿಸಬಹುದು. ಒಳವ್ಯಾಸ 1.9 ಮಿ.ಮೀ. ಇರುವ ಬಿಗಿಯಾದ ಟ್ಯೂಬ್ ಹಾಕಿದರೆ ಆಡುವ ಜಾಗ ಕಡಿಮೆಯಾಗಿ ಸ್ವಲ್ಪ ಅನುಕೂಲವಾಗುತ್ತದೆ, ಆದರೆ ಫಿಲಮೆಂಟಿನ ದಪ್ಪ ಏರುಪೇರಾಗಿದ್ದರೆ ಅದೇ ಟ್ಯೂಬ್ ಸಿಕ್ಕಿಹಾಕಿಕೊಳ್ಳುವ ಜಾಗವೂ ಆಗುತ್ತದೆ. 85ಎ ಅಥವಾ ಅದಕ್ಕಿಂತ ಮೆದುವಾದ ಫಿಲಮೆಂಟ್ `F40`ರಲ್ಲಿಯೇ ಟ್ಯೂಬಿನೊಳಗೆ ಮುದುಡಿದರೆ ಇನ್ನೂ ನಿಧಾನ ಮಾಡುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಗೇರನ್ನೇ ನಾಝಲ್‌ನ ಮೇಲೆ ಕೂರಿಸುವ ಡೈರೆಕ್ಟ್ ಡ್ರೈವ್ ಬೇಕು.

ಅಲ್ಟಿಮೇಕರ್‌ನ ಬೌಡನ್ ಯಂತ್ರಗಳು ಟಿಪಿಯು ಮುದ್ರಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಮುದ್ರಿಸುತ್ತವೆ, ಆದರೆ ಅವು ಬಳಸುವುದು 2.85 ಮಿ.ಮೀ. ಫಿಲಮೆಂಟನ್ನು. ಬಾಗುವುದಕ್ಕೆ ಒಡ್ಡುವ ಪ್ರತಿರೋಧ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, ಅದೇ ಗಡಸುತನದ 2.85 ಮಿ.ಮೀ. ಎಳೆ 1.75 ಮಿ.ಮೀ. ಎಳೆಗಿಂತ ಸುಮಾರು ಏಳು ಪಟ್ಟು ಬಿರುಸಾಗಿರುತ್ತದೆ. ಆ ಯಂತ್ರಗಳ ವೇಗವನ್ನೂ ರಿಟ್ರಾಕ್ಷನ್ ಸಂಖ್ಯೆಗಳನ್ನೂ ನಮ್ಮ ತೆಳು ಫಿಲಮೆಂಟಿನ ಯಂತ್ರಕ್ಕೆ ನಕಲು ಮಾಡಿದರೆ, ಫಿಲಮೆಂಟ್ ಮತ್ತೆ ಗೇರಿನ ಪಕ್ಕದಿಂದ ಹೊರಬರುತ್ತದೆ.